ಗುಳಿಗೆ ಬಿಟ್ಟವರನ್ನು ಲೆಕ್ಕದಿಂದ ಬಿಡಬೇಡಿ

ಕಲಬುರಗಿಯಲ್ಲಿ ಪಿಜಿ ಓದುವ ವೈದ್ಯರ ಥೀಸಿಸ್ ಲೆಕ್ಕ ನೋಡುವುದು ನನ್ನ ಕೆಲಸ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇದೇ ಪ್ರಶ್ನೆ ಕೇಳುತ್ತಾರೆ: "ಸರ್, ಅಂವ ಗುಳಿಗಿನೇ ತಗೊಂಡಿಲ್ರಿ. ಅಂವನ್ನ ಯಾಕ್ ಲೆಕ್ಕಕ್ಕ ಹಿಡೀಬೇಕ್ರಿ?" ಕೇಳಲು ನ್ಯಾಯವಾಗಿಯೇ ಇದೆ. ಆದರೆ ರೋಗಿಗಳನ್ನು ಗುಂಪುಗಳಿಗೆ ಹಂಚಿ ಔಷಧಗಳನ್ನು ಹೋಲಿಸುವ ಟ್ರಯಲ್ ಚೆನ್ನಾಗಿ ನಡೆದರೂ ಕೆಡುವುದು ಎಷ್ಟೋ ಸಲ ಇಲ್ಲಿಯೇ. ಥೀಸಿಸ್ ಬರೆಯುವವರಿಗೂ, ಔಷಧದ ಫಲಿತಾಂಶ ಓದುವವರಿಗೂ ಉಪಯೋಗವಾಗುವಂತೆ ದಾರಿಯನ್ನು ಹೇಳುತ್ತೇನೆ.

ಮೊದಲ ಹೆಜ್ಜೆ: ಎಷ್ಟು ಜನರನ್ನು ಚೀಟಿ ಎತ್ತಿದಂತೆ ಯಾವ ಗುಂಪಿಗೆ ಹಂಚಿದರು ಎಂಬ ಸಂಖ್ಯೆಯನ್ನು ಬರೆದುಕೊಳ್ಳಿ. ಸಾಮಾನ್ಯವಾಗಿ ವರದಿಯ ಮೊದಲ ಚಿತ್ರದಲ್ಲೇ ಅದು ಸಿಗುತ್ತದೆ.

ಎರಡನೆಯದು: ಫಲಿತಾಂಶದ ಕೋಷ್ಟಕದಲ್ಲಿ ಛೇದ ಯಾವುದಿದೆ ನೋಡಿ. ಹಂಚಿದ ಸಂಖ್ಯೆಯೇ ಇದ್ದರೆ ಅದು ಇಂಟೆನ್ಶನ್-ಟು-ಟ್ರೀಟ್ ಲೆಕ್ಕ. ಗುಳಿಗೆ ತೆಗೆದುಕೊಳ್ಳಲಿ ಬಿಡಲಿ, ಯಾವ ಗುಂಪಿಗೆ ಬಿದ್ದರೋ ಆ ಗುಂಪಿನಲ್ಲೇ ಎಣಿಸುವುದು. ಹೇಳಿದಂತೆ ಔಷಧ ತೆಗೆದುಕೊಂಡವರನ್ನಷ್ಟೇ ಎಣಿಸಿದ್ದರೆ ಅದು ಪರ್-ಪ್ರೋಟೊಕಾಲ್. "ಮಾರ್ಪಡಿಸಿದ ಇಂಟೆನ್ಶನ್-ಟು-ಟ್ರೀಟ್" ಎಂಬ ಹೆಸರು ಕಂಡರೆ ಅಲ್ಲೇ ನಿಂತು, ಯಾರನ್ನು ಬಿಟ್ಟಿದ್ದಾರೆ ಎಂದು ಓದಿ. ಆ ಹೆಸರಿಗೆ ಒಂದೇ ಗೊತ್ತಾದ ಅರ್ಥವಿಲ್ಲ.

ಮೂರನೆಯದೇ ಕಷ್ಟದ್ದು: ಹೊರಬಿದ್ದವರು ಯಾರು, ಯಾಕೆ ಹೊರಬಿದ್ದರು?

ತಿಳಿಯಲು ಸುಲಭವಾಗಲೆಂದು ಒಂದು ಟ್ರಯಲ್ ಕಲ್ಪಿಸಿಕೊಳ್ಳೋಣ. ಸಂಖ್ಯೆಗಳು ನಾನೇ ಹಾಕಿದವು. ಜೇವರ್ಗಿ ತಾಲ್ಲೂಕಿನಲ್ಲಿ ಬಿಪಿ ಇರುವ 400 ಜನ. 200 ಜನರಿಗೆ ಹೊಸ ಗುಳಿಗೆ, 200 ಜನರಿಗೆ ಹಳೆಯದು. ವರ್ಷದ ಕೊನೆಗೆ ಬಿಪಿ ಹತೋಟಿಗೆ ಬಂದವರೆಷ್ಟು ಎಂಬುದೇ ಪ್ರಶ್ನೆ. ತೊಗರಿ ರಾಶಿ ಮುಗಿದ ಮೇಲೆ ಎರಡೂ ಗುಂಪಿನಿಂದ ತಲಾ 20 ಜನ ಮುಂಬೈ, ಪುಣೆಗೆ ಗುಳೆ ಹೋದರು, ಗುಳಿಗೆ ನಿಂತಿತು. ಹೊಸ ಗುಳಿಗೆಯ ಗುಂಪಿನಲ್ಲಿ ಇನ್ನೂ 40 ಜನ ಕಾಲು ಬಾವು ಬಂತೆಂದು ಬಿಟ್ಟರು.

ಬಿಡದೆ ತೆಗೆದುಕೊಂಡವರನ್ನಷ್ಟೇ ನೋಡಿದರೆ, ಹೊಸದರಲ್ಲಿ 140ಕ್ಕೆ 98 ಜನರ ಬಿಪಿ ಹತೋಟಿಗೆ ಬಂತು, ಅಂದರೆ ಶೇ 70. ಹಳೆಯದರಲ್ಲಿ 180ಕ್ಕೆ 106, ಶೇ 59. ಹೊಸದು ಗೆದ್ದಂತೆ ಕಾಣುತ್ತದೆ. ಈಗ ಬಿಟ್ಟವರನ್ನೂ ಸೇರಿಸಿ. ಹೊಸದರಲ್ಲಿ ಬಿಟ್ಟ 60 ಜನರಲ್ಲಿ 12 ಮಂದಿಯ ಬಿಪಿ ಹತೋಟಿಯಲ್ಲಿತ್ತು, ಹಳೆಯದರಲ್ಲಿ ಬಿಟ್ಟ 20 ಜನರಲ್ಲಿ 4 ಮಂದಿಯದು. ಎರಡೂ ಕಡೆ ಒಟ್ಟು 200ಕ್ಕೆ 110, ಶೇ 55. ವ್ಯತ್ಯಾಸ ಮಾಯ.

ಗುಳೆ ಹೋದವರು ಎರಡೂ ಕಡೆ ಸಮನಾಗಿದ್ದಾರೆ. ಅದಕ್ಕೂ ಯಾವ ಗುಳಿಗೆ ಸಿಕ್ಕಿತು ಎಂಬುದಕ್ಕೂ ಸಂಬಂಧ ಕಾಣುವುದಿಲ್ಲ. ಆದರೆ ಆ 40 ಜನರನ್ನು ಹೊರಗೆ ಹಾಕಿದ್ದು ಗುಳಿಗೆಯೇ. ಅವರನ್ನು ತೆಗೆದರೆ ಹೊಸ ಗುಂಪಿನಲ್ಲಿ ಉಳಿಯುವವರು ಔಷಧ ಮೈಗೆ ಹಿಡಿದವರು. ಹಳೆಯ ಗುಂಪಿನಲ್ಲಿ ಅಂಥ ಜರಡಿಯೇ ಹಿಡಿದಿಲ್ಲ. ಚೀಟಿ ಎತ್ತಿ ಗಳಿಸಿದ ಸಮತೋಲ ಅಲ್ಲಿಗೆ ಹೋಯಿತು. ಹಾಗಾಗಿ ಬಿಟ್ಟವರ ಸಂಖ್ಯೆಯನ್ನಷ್ಟೇ ನೋಡಬೇಡಿ, ಎರಡೂ ಗುಂಪುಗಳಲ್ಲಿ ಬಿಟ್ಟ ಕಾರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

"ಬಿಟ್ಟವರು ಬಿಟ್ಟರು, ತೆಗೆದುಕೊಂಡವರಿಗೆ ಗುಣ ಬಂದದ್ದಂತೂ ನಿಜವಲ್ಲವೇ" ಎನ್ನುವವರಿಗೆ ನಾನು ಅಮೆರಿಕದ ಕೊರೊನರಿ ಡ್ರಗ್ ಪ್ರಾಜೆಕ್ಟ್ ತೋರಿಸುತ್ತೇನೆ. ಹೃದಯಾಘಾತವಾಗಿದ್ದ ಗಂಡಸರಿಗೆ ರಕ್ತದ ಕೊಬ್ಬು ಇಳಿಸುವ ಕ್ಲೋಫೈಬ್ರೇಟ್ ಅಥವಾ ಔಷಧವೇ ಇಲ್ಲದ ಪ್ಲಸಿಬೊ ಕೊಟ್ಟ ಟ್ರಯಲ್ ಅದು. ಈ ಲೆಕ್ಕ 1980ರಲ್ಲಿ ಪ್ರಕಟವಾಯಿತು. 5 ವರ್ಷಗಳಲ್ಲಿ ಸತ್ತವರು ಕ್ಲೋಫೈಬ್ರೇಟ್ ಗುಂಪಿನಲ್ಲಿ ಶೇ 20, ಪ್ಲಸಿಬೊ ಗುಂಪಿನಲ್ಲಿ ಶೇ 20.9, ಹೇಳುವಂಥ ವ್ಯತ್ಯಾಸವಿಲ್ಲ. ಆದರೆ ಕ್ಲೋಫೈಬ್ರೇಟ್ ಗುಂಪಿನೊಳಗೆ, ಶೇ 80 ಅಥವಾ ಅದಕ್ಕೂ ಹೆಚ್ಚು ಗುಳಿಗೆ ತಪ್ಪದೆ ನುಂಗಿದವರಲ್ಲಿ ಸಾವು ಶೇ 15, ನುಂಗದವರಲ್ಲಿ ಶೇ 24.6. ಇದನ್ನಷ್ಟೇ ನೋಡಿದವರು ಔಷಧ ಜೀವ ಉಳಿಸಿತು ಎಂದೇ ಹೇಳುತ್ತಿದ್ದರು.

ಪ್ಲಸಿಬೊ ಗುಂಪಿನಲ್ಲೂ ಹಾಗೆಯೇ ಭಾಗ ಮಾಡಿ ನೋಡಿದರು. ತಪ್ಪದೆ ನುಂಗಿದವರಲ್ಲಿ ಸಾವು ಶೇ 15.1, ನುಂಗದವರಲ್ಲಿ ಶೇ 28.3. ಒಳಗೆ ಔಷಧವೇ ಇಲ್ಲದ ಗುಳಿಗೆ ಇಷ್ಟು ಜೀವ ಉಳಿಸಲಾರದು. ತಪ್ಪದೆ ಗುಳಿಗೆ ನುಂಗುವವರು ಬೇರೆ ಥರದ ಜನ: ಕಾಯಿಲೆ ಅಷ್ಟು ಉಲ್ಬಣಿಸಿರಲಿಕ್ಕಿಲ್ಲ, ಊಟ ನಿದ್ರೆ ನೇರವಾಗಿರಬಹುದು, ನೋಡಿಕೊಳ್ಳಲು ಮನೆಯಲ್ಲಿ ಜನ ಇರಬಹುದು. ಟ್ರಯಲ್ ಶುರುವಾದಾಗಿನ 40 ಲಕ್ಷಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಸರಿಪಡಿಸಿದಾಗಲೂ ಪ್ಲಸಿಬೊ ಗುಂಪಿನೊಳಗೆ ಶೇ 16.4 ಮತ್ತು 25.8 ಎಂಬ ಅಂತರ ಉಳಿಯಿತು. 2016ರಲ್ಲಿ ಮತ್ತೆ ವಿಶ್ಲೇಷಿಸಿದವರು, ಟ್ರಯಲ್ ನಡೆಯುವಾಗ ಬದಲಾಗುತ್ತಿದ್ದ ಆರೋಗ್ಯ ಸ್ಥಿತಿಯನ್ನೂ ಸೇರಿಸಿಕೊಂಡಾಗ ಆ ಅಂತರ ಬಹಳಷ್ಟು ಕುಗ್ಗಿತು. ಪರ್-ಪ್ರೋಟೊಕಾಲ್ ಲೆಕ್ಕ ಮಾಡಲೇಬಾರದೆಂದಲ್ಲ. ಬಿಟ್ಟವರ ಸಾಲುಗಳನ್ನು ಅಳಿಸಿ ಶೇಕಡಾ ತೆಗೆಯುವುದು ಆ ಲೆಕ್ಕವಲ್ಲ. ಯಾರು ಯಾವಾಗ ಯಾವ ಸ್ಥಿತಿಯಲ್ಲಿ ಬಿಟ್ಟರು ಎಂಬ ಮಾಹಿತಿ ಕೂಡಿಡದಿದ್ದರೆ ಅದಕ್ಕೆ ಕೈ ಹಾಕಬೇಡಿ.

ಇನ್ನು ಥೀಸಿಸ್ ಮಾಡುವವರಿಗೆ ಒಂದು ಮಾತು. ಗುಳಿಗೆ ಬಿಡುವುದು ಬೇರೆ, ಟ್ರಯಲ್ ಬಿಡುವುದು ಬೇರೆ. ಗುಳಿಗೆ ಬಿಟ್ಟವರ ಹೆಸರಿನ ಮುಂದೆ "ಡ್ರಾಪ್‌ಔಟ್" ಎಂದು ಬರೆದು ಫೈಲು ಮುಚ್ಚುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಮುಚ್ಚಬೇಡಿ. ಶುರುವಿನಲ್ಲೇ ಎರಡು ಫೋನ್ ನಂಬರ್ ತೆಗೆದುಕೊಳ್ಳಿ, ಒಂದು ಊರಲ್ಲೇ ಉಳಿಯುವ ಸಂಬಂಧಿಕರದ್ದಾಗಿರಲಿ. ಹಬ್ಬಕ್ಕೆ ಊರಿಗೆ ಬಂದಾಗ ಬಿಪಿ ನೋಡಿ. ಇಂಟೆನ್ಶನ್-ಟು-ಟ್ರೀಟ್‌ಗೆ ಬೇಕಾದದ್ದು ಎಲ್ಲರ ಕೊನೆಯ ಫಲಿತಾಂಶ; ಅದಿಲ್ಲದೆ ಹೆಸರೊಂದನ್ನೇ ಬರೆದರೆ ಏನೂ ಬರಲಿಲ್ಲ. ಅನೇಕ ಸಾಫ್ಟ್‌ವೇರ್‌ಗಳು ಖಾಲಿ ಬಿಟ್ಟ ಸಾಲನ್ನು ತಾವೇ ಕೈಬಿಡುತ್ತವೆ, ಆದ್ದರಿಂದ ಔಟ್‌ಪುಟ್‌ನ ಸಂಖ್ಯೆಯನ್ನು ಹಂಚಿದ ಸಂಖ್ಯೆಯೊಂದಿಗೆ ತಾಳೆ ನೋಡಿ. ಕೊನೆಯ ಸಲ ಬಂದಾಗಿನ ಬಿಪಿಯನ್ನೇ ವರ್ಷಾಂತ್ಯದ್ದೆಂದು ತುಂಬುವ ಅಡ್ಡದಾರಿ ನನಗೆ ಒಪ್ಪಿಗೆಯಿಲ್ಲ. ಔಷಧ ನಿಂತ ಮೇಲೆ ಬಿಪಿ ಅಲ್ಲೇ ನಿಲ್ಲುವುದಿಲ್ಲ. ಸಿಗದೆ ಹೋದವರ ಬಿಪಿ ಹತೋಟಿಯಲ್ಲಿಲ್ಲ ಎಂದು ಒಮ್ಮೆ, ಇದೆ ಎಂದು ಒಮ್ಮೆ ಹಾಕಿ, ತೀರ್ಮಾನ ಬದಲಾಗುತ್ತದೆಯೇ ನೋಡಿ.

ನಾಲ್ಕನೆಯ ಹೆಜ್ಜೆ: ಯಾವ ಸಂಖ್ಯೆ ಯಾರ ಪ್ರಶ್ನೆಗೆ ಉತ್ತರ ಎಂದು ನಿರ್ಧರಿಸಿ. ತಾಲ್ಲೂಕಿಗೆ ಯಾವ ಗುಳಿಗೆ ತರಿಸಬೇಕು ಎನ್ನುವ ಆರೋಗ್ಯಾಧಿಕಾರಿಗೆ ಶೇ 55 ಮತ್ತು 55 ಎಂಬುದೇ ಉತ್ತರ, ಏಕೆಂದರೆ ಅವರ ಜನರಲ್ಲೂ ಕಾಲು ಬಾವು ಬರುತ್ತದೆ. "ನಾನು ತಪ್ಪದೆ ತಗೊಂಡ್ರ ಏನಾಗ್ತದ್ರಿ?" ಎನ್ನುವ ರೋಗಿಯ ಪ್ರಶ್ನೆ ಪರ್-ಪ್ರೋಟೊಕಾಲ್‌ನದು, ಆದರೆ ಶೇ 70 ಅದಕ್ಕೆ ನಂಬಬಹುದಾದ ಉತ್ತರವಲ್ಲ. ಮೆಡಿಕಲ್ ರೆಪ್ ಕೊಡುವ ನುಣುಪು ಹಾಳೆಯಲ್ಲಿ ಶೇ 70 ಮಾತ್ರ ಇದ್ದರೆ, ಹಂಚಿದ 200 ಜನರ ಲೆಕ್ಕ ಕೇಳಿ.

ಇಂಟೆನ್ಶನ್-ಟು-ಟ್ರೀಟ್ ಸಂಖ್ಯೆಯೂ ಆ ಟ್ರಯಲ್ಲಿನ ಜನ ಎಷ್ಟು ಸರಿಯಾಗಿ ಗುಳಿಗೆ ತೆಗೆದುಕೊಂಡರು ಎಂಬುದಕ್ಕೆ ಕಟ್ಟುಬಿದ್ದದ್ದು. ಗುಳಿಗೆ ಪುಕ್ಕಟೆ ಕೊಟ್ಟು ವಾರವಾರ ಫೋನ್ ಮಾಡಿದ ಟ್ರಯಲ್ಲಿನ ಫಲ, ಗುಳಿಗೆ ಸ್ಟಾಕ್ ಮುಗಿದಿರುವ ಆರೋಗ್ಯ ಕೇಂದ್ರದಲ್ಲಿ ಬರುವುದಿಲ್ಲ. ಮತ್ತೊಂದು ಕಡೆ ವಿಶೇಷ ಎಚ್ಚರ ಬೇಕು: ಹೊಸ ಔಷಧ "ಹಳೆಯದಕ್ಕಿಂತ ಕಳಪೆಯಲ್ಲ" ಎಂದು ತೋರಿಸುವ ಟ್ರಯಲ್‌ಗಳಲ್ಲಿ, ಎರಡೂ ಗುಂಪಿನವರು ಗುಳಿಗೆ ಬಿಟ್ಟಷ್ಟೂ ಎರಡೂ ಒಂದೇ ಎಂಬಂತೆ ಕಾಣುತ್ತವೆ. ಅಂಥ ವರದಿಯಲ್ಲಿ ಇಂಟೆನ್ಶನ್-ಟು-ಟ್ರೀಟ್, ಪರ್-ಪ್ರೋಟೊಕಾಲ್ ಎರಡೂ ಲೆಕ್ಕ ಕೊಟ್ಟಿರದಿದ್ದರೆ, ಎರಡೂ ಒಂದೇ ಕಡೆ ಬೆರಳು ತೋರಿಸದಿದ್ದರೆ, ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.