ಅಪ್ರೈಸಲ್ ಫಾರ್ಮ್ ಮಾರ್ಚ್‌ನಲ್ಲಿ, ತಯಾರಿ ಏಪ್ರಿಲ್‌ನಿಂದ

ಮಾರ್ಚ್ ಎರಡನೇ ವಾರ ದಾಟಿತೆಂದರೆ ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಎಲ್ಲ ಕಡೆ ಇದೇ ಗೋಳು: “ವರ್ಷಪೂರ್ತಿ ದುಡದೀವ್ರಿ, ಫಾರ್ಮ್‌ನ್ಯಾಗ ಏನ್ ಬರೀಬೇಕಂತ ತಿಳೀವಲ್ದು.” ಎಚ್‌ಆರ್‌ನವರು ಕಳಿಸಿದ ಸೆಲ್ಫ್ ಅಪ್ರೈಸಲ್ ಫಾರ್ಮ್ ಮುಂದಿಟ್ಟುಕೊಂಡು ಹಳೆ ಮೇಲ್, ವಾಟ್ಸ್‌ಆ್ಯಪ್ ಗ್ರೂಪ್ ಎಲ್ಲ ಕೆದಕಿದರೂ ಕೈಗೆ ಸಿಗುವುದು ಜನವರಿಯಿಂದ ಈಚಿನ ಕೆಲಸ. ಸಾಹೇಬರ ನೆನಪಿನ ಕತೆಯೂ ಅಷ್ಟೇ. ಜುಲೈನಲ್ಲಿ ನೀವು ಮಾಡಿದ್ದು ಮರೆತಿರುತ್ತದೆ, ಫೆಬ್ರುವರಿಯಲ್ಲಿ ನಿಂತುಹೋದ ಲಾರಿ ಮಾತ್ರ ಕಣ್ಣ ಮುಂದೆಯೇ ಇರುತ್ತದೆ.

ಆಗಾಗ ಬರೆದಿಟ್ಟುಕೊಳ್ಳಬೇಕು ಎನ್ನುವುದು ಎಲ್ಲರಿಗೂ ಗೊತ್ತಿದೆ. ಎಡವುವುದು ಏನು ಬರೆಯಬೇಕು ಎನ್ನುವಲ್ಲಿ. ಅದಕ್ಕೆ ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ವಾಲ್ವ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ, ಅಲ್ಲಿನ ಸ್ಟೋರ್ಸ್‌ನಲ್ಲಿ ಒಬ್ಬಾಕೆ ಅಸಿಸ್ಟೆಂಟ್ ಎಂದಿಟ್ಟುಕೊಳ್ಳಿ. ಆಕೆಯ ಕೆಆರ್‌ಎ, ಅಂದರೆ ಆಕೆಗೆ ವಹಿಸಿದ ಮುಖ್ಯ ಹೊಣೆಗಳ ಪಟ್ಟಿಯಲ್ಲಿ ಮೊದಲನೆಯದು: ಪುಸ್ತಕದ ಸ್ಟಾಕ್‌ಗೂ ರ‍್ಯಾಕ್‌ನಲ್ಲಿರುವ ಸ್ಟಾಕ್‌ಗೂ ತಾಳೆಯಾಗಬೇಕು.

ಮೊದಲು ಆರಂಭದ ಅಂಕಿ

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದೇ. ಏಪ್ರಿಲ್ ಮೊದಲ ಎರಡು ವಾರದೊಳಗೆ ನಿಮ್ಮ ಒಂದೊಂದು ಕೆಆರ್‌ಎ ಎದುರಿಗೂ ಈಗಿನ ಸ್ಥಿತಿ ಬರೆದುಕೊಳ್ಳಿ. ನಮ್ಮ ಸ್ಟೋರ್ಸ್ ಅಸಿಸ್ಟೆಂಟ್ 200 ಐಟಂ ಎಣಿಸಿದಳು, 30 ಐಟಂ ಪುಸ್ತಕಕ್ಕೆ ಹೊಂದಲಿಲ್ಲ. ಅಂದರೆ 85 ಪರ್ಸೆಂಟ್ ಸರಿ. ಈ ಅಂಕಿಯನ್ನು ದಿನಾಂಕದ ಸಮೇತ ಬರೆದಿಟ್ಟಳು.

ಯಾಕಿಷ್ಟು ಅವಸರ ಎಂದರೆ, ಮುಂದೆ ಇದು ಸಿಗುವುದಿಲ್ಲ. ಸ್ಟಾಕ್ ಸಾಫ್ಟ್‌ವೇರ್ ಇವತ್ತಿನ ಲೆಕ್ಕ ತೋರಿಸುತ್ತದೆ. ಏಪ್ರಿಲ್‌ನಲ್ಲಿ ಎಷ್ಟು ಐಟಂ ತಪ್ಪಿತ್ತು ಎಂಬುದು, ಅವತ್ತೇ ತಿದ್ದಿಬಿಟ್ಟ ಮೇಲೆ, ಎಣಿಸಿದವರ ಚೀಟಿಯಲ್ಲಿ ಬಿಟ್ಟರೆ ಎಲ್ಲೂ ಉಳಿದಿರುವುದಿಲ್ಲ. ಆರಂಭದ ಅಂಕಿ ಇಲ್ಲದೆ “ಸುಧಾರಿಸಿದೆ” ಎಂದು ಬರೆದರೆ ಸಾಹೇಬರು ಕೇಳುವುದು ಒಂದೇ ಪ್ರಶ್ನೆ: ಎಷ್ಟಿದ್ದದ್ದು ಎಷ್ಟಾಯಿತು?

ಎಣಿಕೆಗೆ ಸಿಗದ ಕೆಲಸವೂ ಇರುತ್ತದೆ. ಅಂಥ ಕಡೆ ಅಂಕಿಯನ್ನು ಹುಟ್ಟಿಸಲು ಹೋಗಬೇಡಿ. “ಬಿಲ್ ಪಾಸಾಗಲು ಈಗ ಮೂರು ಟೇಬಲ್ ದಾಟಬೇಕು” ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು.

ವಾರಕ್ಕೊಮ್ಮೆ ಒಂದು ಸಾಲು

ದಿನಾ ಬರೆಯುತ್ತೇನೆ ಎಂದು ಹೊರಟವರು ಸಾಮಾನ್ಯವಾಗಿ ಹದಿನೈದು ದಿನಕ್ಕೆ ನಿಲ್ಲಿಸುತ್ತಾರೆ, ತಿಂಗಳಿಗೊಮ್ಮೆ ಎಂದವರಿಗೆ ಮೊದಲ ವಾರವೇ ನೆನಪಿರುವುದಿಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷ ಸರಿಯಾದ ಅಳತೆ. ಶನಿವಾರ ಸಂಜೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕರೆ ಅಲ್ಲೇ ಮುಗಿಯುತ್ತದೆ. ಸಿಗದಿದ್ದರೆ ಮನೆಗೆ ಹೋಗಿ ಚಹಾ ಕುಡಿದ ಮೇಲೆ. ಮೊಬೈಲ್‌ನ ನೋಟ್ಸ್ ಆಗಲಿ, 40 ಪುಟದ ನೋಟ್‌ಬುಕ್ ಆಗಲಿ, ಯಾವುದಾದರೂ ನಡೆಯುತ್ತದೆ.

ಪ್ರತಿ ಸಾಲಿನಲ್ಲಿ ನಾಲ್ಕು ವಿಷಯ ಇರಲಿ: ದಿನಾಂಕ, ಏನು ಮಾಡಿದೆ, ಅದರಿಂದ ಏನು ಬದಲಾಯಿತು, ಅದನ್ನು ಎಲ್ಲಿ ನೋಡಬಹುದು ಅಥವಾ ಯಾರಿಗೆ ಗೊತ್ತು. ಜುಲೈನಲ್ಲಿ ಆಕೆ ಬರೆದ ಸಾಲು ಹೀಗಿತ್ತು:

“ಜುಲೈ 12. ರಾತ್ರಿ ಪಾಳಿಯವರು ಚೀಟಿ ಬರೆದು ಮಾಲು ಒಯ್ಯುತ್ತಾರೆ, ಬೆಳಿಗ್ಗೆ ಎಂಟ್ರಿ ಮಾಡುವಷ್ಟರಲ್ಲಿ ಕೆಲವು ಚೀಟಿ ಕಳೆದಿರುತ್ತವೆ. ಇವತ್ತಿನಿಂದ ನಂಬರ್ ಹಾಕಿದ ಚೀಟಿ ಪುಸ್ತಕ, ಬಾಗಿಲ ಬಳಿ ಒಂದು ಡಬ್ಬಿ. ಬೆಳಿಗ್ಗೆ 10ರೊಳಗೆ ಎಂಟ್ರಿ. ರಾತ್ರಿ ಸೂಪರ್‌ವೈಸರ್ ಒಪ್ಪಿದ್ದಾರೆ. ಫಲ ಇನ್ನೂ ಗೊತ್ತಿಲ್ಲ.”

ಕೊನೆಯ ಮಾತು ನೋಡಿ. ಕೆಲಸ ಮಾಡಿದ ವಾರವೇ ಫಲ ಕಾಣುವುದಿಲ್ಲ, ಆ ಜಾಗ ಖಾಲಿ ಇದ್ದರೆ ತಪ್ಪಿಲ್ಲ. ಅಕ್ಟೋಬರ್‌ನಲ್ಲಿ ಅದೇ 200 ಐಟಂ ಮತ್ತೆ ಎಣಿಸಿದಾಗ ಹೊಂದದೆ ಉಳಿದದ್ದು 18. ಅದನ್ನು ಹಿಂದಕ್ಕೆ ಹೋಗಿ ಜುಲೈ ಸಾಲಿನ ಕೆಳಗೆ ಸೇರಿಸಿದಳು. ಫೆಬ್ರುವರಿಯ ಎಣಿಕೆಯಲ್ಲಿ ಅದು 8ಕ್ಕೆ ಇಳಿಯಿತು.

ಇನ್ನೊಂದು ಬಗೆಯ ಸಾಲನ್ನೂ ಬಿಡಬೇಡಿ. ಪರ್ಚೇಸ್‌ನವರು ಹೆರಿಗೆ ರಜೆಗೆ ಹೋದಾಗ ಅವರ ಕೆಲಸವನ್ನೂ ನೀವೇ ನೋಡಿಕೊಂಡಿರುತ್ತೀರಿ. ಇದು ಯಾವ ಕೆಆರ್‌ಎಯಲ್ಲೂ ಇರುವುದಿಲ್ಲ, ಹಾಗಾಗಿ ಮೊದಲು ಮರೆತುಹೋಗುವುದೂ ಇದೇ. ಎಷ್ಟು ವಾರ ನೋಡಿಕೊಂಡಿರಿ, ಆಗ ನಿಮ್ಮ ಸ್ವಂತ ಕೆಲಸದಲ್ಲಿ ಏನು ಹಿಂದೆ ಬಿತ್ತು, ಎರಡನ್ನೂ ಬರೆಯಿರಿ. ಕೆಟ್ಟದ್ದನ್ನೂ ಬರೆಯಿರಿ. ಫೆಬ್ರುವರಿಯಲ್ಲಿ ಗ್ಯಾಸ್ಕೆಟ್ ಮುಗಿದು ಲಾರಿ ಅರ್ಧ ದಿನ ನಿಂತಿತ್ತು ಎಂದಾದರೆ, ಆರ್ಡರ್ ಯಾವತ್ತು ಹಾಕಿದ್ದು, ಸಪ್ಲೈಯರ್ ಯಾವತ್ತು ಕೊಟ್ಟದ್ದು ಎಂಬುದು ನಿಮ್ಮ ಹತ್ತಿರ ಇರಬೇಕು. ಮೀಟಿಂಗ್‌ನಲ್ಲಿ ಆ ಮಾತು ಬಂದೇ ಬರುತ್ತದೆ.

ಒಂದು ಎಚ್ಚರಿಕೆ. ಪುರಾವೆ ಬೇಕೆಂದು ಕಂಪನಿಯ ಮೇಲ್, ರೇಟ್ ಲಿಸ್ಟ್, ಗಿರಾಕಿಗಳ ವಿವರವನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಬಹಳ ಕಂಪನಿಗಳಲ್ಲಿ ಅದು ಶಿಸ್ತುಕ್ರಮಕ್ಕೆ ದಾರಿ. “ಅಕ್ಟೋಬರ್ 9ರ ಎಣಿಕೆ ವರದಿ, ಸ್ಟೋರ್ಸ್ ಫೋಲ್ಡರ್” ಎಂದು ವಿಳಾಸವಷ್ಟೇ ಬರೆದುಕೊಳ್ಳಿ, ಕಾಗದ ಆಫೀಸಿನಲ್ಲೇ ಇರಲಿ.

ಹಳಿ ತಪ್ಪಿದ್ದು ಗೊತ್ತಾಗುವುದು ಹೇಗೆ?

ಮೂರು ತಿಂಗಳಿಗೊಮ್ಮೆ ಎಲ್ಲ ಸಾಲು ಓದಿ. “ಫಾಲೋಅಪ್ ಮಾಡಿದೆ”, “ಸಹಕರಿಸಿದೆ”, “ಮೀಟಿಂಗ್‌ಗೆ ಹೋದೆ” ಎಂಬಂಥವೇ ತುಂಬಿದ್ದರೆ ಅದು ಹಾಜರಿ ಪುಸ್ತಕವಾಗುತ್ತಿದೆ ಎಂದರ್ಥ. ಪ್ರತಿ ಸಾಲಿಗೂ “ಅದರಿಂದೇನಾತು?” ಎಂದು ಕೇಳಿಕೊಳ್ಳಿ, ಉತ್ತರ ಇಲ್ಲದ್ದನ್ನು ಹೊಡೆದುಹಾಕಿ. ಯಾವುದೋ ಒಂದು ಕೆಆರ್‌ಎ ಎದುರು ಆರು ತಿಂಗಳಾದರೂ ಒಂದೂ ಸಾಲಿಲ್ಲವೇ? ಆ ಕೆಲಸ ಈಗ ನಿಮ್ಮದಾಗಿ ಉಳಿದಿದೆಯೇ ಎಂದು ಅಕ್ಟೋಬರ್‌ನಲ್ಲೇ ಸಾಹೇಬರನ್ನು ಕೇಳಿಬಿಡಿ. ಮಾರ್ಚ್‌ನಲ್ಲಿ ಕೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಮಾರ್ಚ್‌ನಲ್ಲಿ ಆಯ್ಕೆ

ಅಷ್ಟು ಹೊತ್ತಿಗೆ ನಲವತ್ತು, ಐವತ್ತು ಸಾಲು ಸೇರಿರುತ್ತವೆ. ಎಲ್ಲವನ್ನೂ ಫಾರ್ಮ್‌ಗೆ ತುಂಬಿದರೆ ಓದುವವರು ಯಾರೂ ಇರುವುದಿಲ್ಲ. ಒಂದು ಕೆಆರ್‌ಎಗೆ ಒಂದು, ಹೆಚ್ಚೆಂದರೆ ಎರಡು ಆರಿಸಿ. ನಮ್ಮ ಅಸಿಸ್ಟೆಂಟ್ ಕೊನೆಗೆ ಬರೆದದ್ದು:

“ಏಪ್ರಿಲ್‌ನಲ್ಲಿ 200ರಲ್ಲಿ 30 ಐಟಂ ಪುಸ್ತಕಕ್ಕೆ ಹೊಂದುತ್ತಿರಲಿಲ್ಲ, ಫೆಬ್ರುವರಿಯಲ್ಲಿ 8. ರಾತ್ರಿ ಪಾಳಿಗೆ ನಂಬರ್ ಹಾಕಿದ ಚೀಟಿ ಜಾರಿಗೆ ತಂದೆ. ಇದನ್ನು ಪಾಲಿಸುವಂತೆ ನೋಡಿಕೊಂಡವರು ರಾತ್ರಿ ಸೂಪರ್‌ವೈಸರ್.”

85ರಿಂದ 96 ಪರ್ಸೆಂಟ್ ಎನ್ನುವುದಕ್ಕಿಂತ ಐಟಂ ಲೆಕ್ಕ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಓದಿದ ಕೂಡಲೇ ರ‍್ಯಾಕ್ ಕಣ್ಣಿಗೆ ಬರುತ್ತದೆ. ಸೂಪರ್‌ವೈಸರ್ ಪಾಲು ಹೇಳಿದ್ದರಿಂದ ಆಕೆಯ ಪಾಲೇನೂ ಕಡಿಮೆಯಾಗಲಿಲ್ಲ. ಸಾಹೇಬರು ಅವರನ್ನು ಕೇಳಿದರೂ ಅದೇ ಮಾತು ಬರುತ್ತದೆ.

ಇಷ್ಟೆಲ್ಲ ಮಾಡಿದರೂ ರೇಟಿಂಗ್ ಏರುತ್ತದೆಂಬ ಖಾತ್ರಿ ಇಲ್ಲ. ವಿಭಾಗಕ್ಕೆ ಇಂತಿಷ್ಟೇ ಜನರಿಗೆ ಮೇಲಿನ ರೇಟಿಂಗ್ ಎಂದು ಕೋಟಾ ಇರುವ ಕಂಪನಿಗಳಿವೆ, ಅಲ್ಲಿ ನಿಮ್ಮ ಸಾಹೇಬರು ಬೇರೆ ವಿಭಾಗದ ಸಾಹೇಬರ ಜೊತೆ ವಾದಿಸಬೇಕಾಗುತ್ತದೆ. ಆ ಕೋಣೆಯಲ್ಲಿ ನೀವಿರುವುದಿಲ್ಲ, ಅವರ ಕೈಯಲ್ಲಿ ನಿಮ್ಮ ಸಾಲು ಇರುತ್ತದೆ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ ಇನ್ನೊಂದು ದಾರಿಯೂ ಇದೆ. ವಾರ್ಷಿಕ ವರದಿಯ ಪ್ರತಿ ಷರಾವನ್ನೂ ನೌಕರರಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಆ ಬಳಿಕ ಬಂದ ಆದೇಶದ ಪ್ರಕಾರ ವರದಿ ಕೈಸೇರಿದ 15 ದಿನದೊಳಗೆ ಆಕ್ಷೇಪ ಸಲ್ಲಿಸಬಹುದು. ದಿನಾಂಕ ಹಾಕಿದ ಟಿಪ್ಪಣಿ ಇದ್ದರೆ 15 ದಿನ ಸಾಕಾಗುತ್ತದೆ.

ಮೀಟಿಂಗ್ ಮುಗಿದ ದಿನವೇ, ಸಾಹೇಬರು ಹೇಳಿದ್ದನ್ನು ಮೂರು ಸಾಲಿನಲ್ಲಿ ಅವರಿಗೇ ಮೇಲ್ ಮಾಡಿ: “ಮುಂದಿನ ವರ್ಷ ಹೊಂದದ ಐಟಂ 4ಕ್ಕೆ ಇಳಿಸಬೇಕು, ಅದಕ್ಕೆ ಒಬ್ಬ ಹೆಲ್ಪರ್ ಕೊಡುವುದಾಗಿ ಹೇಳಿದ್ದೀರಿ.” ಹೆಲ್ಪರ್ ಬಂದರೂ ಬರದಿದ್ದರೂ ಅದು ಹೊಸ ನೋಟ್‌ಬುಕ್‌ನ ಮೊದಲ ಸಾಲು.