ಅಕ್ಷ ಓರೆ ಮಾಡಿದೆ, ಲೆಕ್ಕ ನೆಟ್ಟಗಾಯಿತು

ಅಕ್ಕನ ಮಗನಿಗೆ ಪಿಯುಸಿ ಲೆಕ್ಕ ಹೇಳಿಕೊಡುತ್ತಿದ್ದೆ. 30 ಡಿಗ್ರಿ ಇಳಿಜಾರು, ಘರ್ಷಣೆ ಇಲ್ಲ, ಮೇಲೆ 10 ಕೆಜಿ ಪೆಟ್ಟಿಗೆ. ಅದು ಜಾರುವಾಗ ಹಲಗೆ ಎಷ್ಟು ಬಲದಿಂದ ಒತ್ತುತ್ತದೆ?

ಅಭ್ಯಾಸಬಲದಿಂದ ಅಕ್ಷಗಳನ್ನು ಅಡ್ಡ, ಉದ್ದ ಎಳೆದೆ. ಹಲಗೆ ಒತ್ತುವ ಬಲ N, ತೂಕ mg ಎಂದಿಟ್ಟುಕೊಂಡು N cos 30° = mg ಎಂದು ಬರೆದೆ. N ಸುಮಾರು 113 ನ್ಯೂಟನ್ ಬಂತು.

"ಮಾಮಾ, ಪೆಟ್ಟಿಗೆಯ ತೂಕವೇ 98 ಅಲ್ವಾ? ಸುಮ್ನೆ ಜಾರೋದಕ್ಕೆ ಹಲಗೆ ಅದಕ್ಕಿಂತ ಜಾಸ್ತಿ ಯಾಕೆ ಒತ್ತತ್ತೆ?"

ಸಿಕ್ಕಿಬಿದ್ದೆ. ಆ ಸಮೀಕರಣ ಬರೆದಾಗ ಮೇಲೆ-ಕೆಳಗಿನ ದಿಕ್ಕಿನಲ್ಲಿ ವೇಗ ಬದಲಾಗುವುದಿಲ್ಲ ಎಂದು ಒಪ್ಪಿಕೊಂಡಂತಾಯಿತು. ಆದರೆ ಪೆಟ್ಟಿಗೆ ಕೆಳಕ್ಕೂ ವೇಗ ಹೆಚ್ಚಿಸಿಕೊಳ್ಳುತ್ತಾ ಇಳಿಯುತ್ತಿದೆಯಲ್ಲ! ಹಳೇ ಅಕ್ಷಗಳಲ್ಲೇ ಸರಿ ಮಾಡಬಹುದಿತ್ತು. ಆದರೆ ವೇಗೋತ್ಕರ್ಷವನ್ನೂ ಎರಡು ತುಂಡು ಮಾಡಬೇಕು.

ಹಾಗಾಗಿ ಒಂದು ಅಕ್ಷವನ್ನು ಹಲಗೆಯ ಉದ್ದಕ್ಕೆ, ಇನ್ನೊಂದನ್ನು ಅದಕ್ಕೆ ಲಂಬವಾಗಿ ಓರೆ ಮಾಡಿದೆ. ಈಗ ಒಡೆಯಬೇಕಾದದ್ದು ತೂಕ ಮಾತ್ರ. ಹಲಗೆಯ ಉದ್ದಕ್ಕೆ mg sin 30° = ma, ಅಂದರೆ a = 4.9 m/s². ಲಂಬವಾಗಿ ಚಲನೆಯೇ ಇಲ್ಲ, N = mg cos 30°, ಸುಮಾರು 85 ನ್ಯೂಟನ್.

sin ಎಲ್ಲಿ, cos ಎಲ್ಲಿ ಎಂದು ಗೊಂದಲವಾದರೆ ಕೋನವನ್ನು ಸೊನ್ನೆ ಮಾಡಿ ನೋಡುತ್ತೇನೆ: ಸಮತಟ್ಟಾದ ಹಲಗೆಯಲ್ಲಿ ಜಾರಿಸುವ ಭಾಗ ಮಾಯವಾಗಬೇಕು.

ಅಂದಹಾಗೆ, ಓರೆಯಾದ ರಸ್ತೆಯ ತಿರುವಿನಲ್ಲಿ ಘರ್ಷಣೆಯ ನೆರವಿಲ್ಲದೆ ತಿರುಗುವ ಕಾರಿಗೆ N cos θ = mg ಸರಿಯೇ. ಅಲ್ಲಿ ವೇಗೋತ್ಕರ್ಷ ಅಡ್ಡಡ್ಡಕ್ಕಿದೆ, ಅಕ್ಷವನ್ನೂ ಅಡ್ಡಕ್ಕೇ ಇಡಬೇಕು.