ಬಾಟಲಿಯ ಸ್ವರ: ಲೆಕ್ಕದಲ್ಲಿ 121, ಮೈಕಿನಲ್ಲಿ 108

ಅಡುಗೆಮನೆಯಲ್ಲಿ ಎಣ್ಣೆ ಹಾಕಿಡುತ್ತಿದ್ದ ಗಾಜಿನ ಬಾಟಲಿಯೊಂದು ಖಾಲಿಯಾಗಿತ್ತು. 750 ಮಿ.ಲೀ. ಹಿಡಿಯುವಂಥದ್ದು, ಉದ್ದ ಕುತ್ತಿಗೆ. ತೊಳೆದು ಒಣಗಿಸಿ, ಬಾಯಿಯ ಅಂಚಿಗೆ ತುಟಿ ತಾಗಿಸಿ ಊದಿದೆ. ತುಂಬಾ ತಗ್ಗಿನ, ದುಂಡನೆಯ ಸ್ವರ ಬಂತು. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಬಾಟಲಿಯ ಅಳತೆ ಗೊತ್ತಿದ್ದರೆ ಈ ಸ್ವರದ ಆವರ್ತನ ಲೆಕ್ಕ ಹಾಕಬಹುದು ಅಂತ ಪ್ರತಿ ವರ್ಷ ಹೇಳುತ್ತಿದ್ದೆ. ಈ ಸಲ ಕೂತು ಅಳೆದೇ ನೋಡಿದೆ.

ಇದರ ಹಿಂದಿನ ವಿಚಾರ ಸರಳ. ಕುತ್ತಿಗೆಯಲ್ಲಿರುವ ಗಾಳಿ ಒಂದು ಬಿರಡೆಯ ಹಾಗೆ ಒಟ್ಟಿಗೆ ಮೇಲೆ ಕೆಳಗೆ ಆಡುತ್ತದೆ. ಹೊಟ್ಟೆಯಲ್ಲಿರುವ ಗಾಳಿ ಅದಕ್ಕೆ ಸ್ಪ್ರಿಂಗ್. ಬಿರಡೆ ಒಳಗೆ ಸರಿದರೆ ಹೊಟ್ಟೆಯ ಗಾಳಿ ಒತ್ತಿಕೊಂಡು ಅದನ್ನು ಹೊರಗೆ ತಳ್ಳುತ್ತದೆ, ಹೊರಗೆ ಹೋದರೆ ಮತ್ತೆ ಒಳಕ್ಕೆ ಎಳೆಯುತ್ತದೆ. ಹೊಟ್ಟೆ ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ, ಸ್ವರ ಮೇಲೆ. ಕುತ್ತಿಗೆ ಉದ್ದವಾದಷ್ಟೂ ಬಿರಡೆ ಭಾರ, ಸ್ವರ ಕೆಳಗೆ. 19ನೇ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇಂಥ ಟೊಳ್ಳು ಗೋಳಗಳನ್ನು ಕಿವಿಗೆ ಹಿಡಿದು ಶಬ್ದದ ಒಂದೊಂದು ಸ್ವರವನ್ನೂ ಬೇರ್ಪಡಿಸಿ ಕೇಳುತ್ತಿದ್ದರು. ಸೂತ್ರ ಇದು:

```
f = (c / 2π) × √( A / (V × L) )
```

`c` ಶಬ್ದದ ವೇಗ, `A` ಕುತ್ತಿಗೆಯ ಒಳ ಅಡ್ಡಕೊಯ್ತದ ವಿಸ್ತೀರ್ಣ, `V` ಹೊಟ್ಟೆಯ ಗಾತ್ರ, `L` ಕುತ್ತಿಗೆಯ ಉದ್ದ.

ಗಾತ್ರಕ್ಕೆ ಲೇಬಲ್ ನಂಬಲಿಲ್ಲ. ಅದು ತುಂಬಿಸುವ ಎಣ್ಣೆಯ ಅಳತೆ, ಬಾಟಲಿಯದ್ದಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಖಾಲಿ ಬಾಟಲಿ ತೂಗಿ, ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿದೆ. ನೀರು 770 ಗ್ರಾಂ, ಅಂದರೆ 770 ಮಿ.ಲೀ. ಕುತ್ತಿಗೆಯ ಒಳವ್ಯಾಸ ವರ್ನಿಯರ್‌ನಲ್ಲಿ 18.5 ಮಿ.ಮೀ., ವಿಸ್ತೀರ್ಣ 2.69 ಚದರ ಸೆಂ.ಮೀ. ಉದ್ದ 7.5 ಸೆಂ.ಮೀ. ಕುತ್ತಿಗೆಯಲ್ಲೇ ಸುಮಾರು 20 ಮಿ.ಲೀ. ಇರುವುದರಿಂದ ಹೊಟ್ಟೆಗೆ ಉಳಿದದ್ದು 750. ಕೋಣೆಯಲ್ಲಿ 27 ಡಿಗ್ರಿ ಇತ್ತು, ಆಗ ಶಬ್ದದ ವೇಗ ಸೆಕೆಂಡಿಗೆ 347 ಮೀಟರ್. ಎಲ್ಲವನ್ನೂ ಮೀಟರ್‌ಗೆ ತಂದು ಸೂತ್ರಕ್ಕೆ ಹಾಕಿದಾಗ ಬಂದದ್ದು 121 ಹರ್ಟ್ಸ್.

ಈಗ ನಿಜವಾದ ಸ್ವರ ಎಷ್ಟು? ಫೋನಿನ ಒಂದು ಆ್ಯಪ್ ತೆರೆದು ಊದಿದೆ. 107.7 ಅಂತ ತೋರಿಸಿತು. ಬೇರೆ ಥರ ಊದಿದೆ, ಆಗಲೂ 107.7. ಸ್ವಲ್ಪ ನೀರು ಹಾಕಿದೆ. ಸ್ವರ ಏರಿದ್ದು ಕಿವಿಗೆ ಗೊತ್ತಾಯಿತು, ಆದರೆ ಅಂಕಿ ಕದಲಲಿಲ್ಲ. ಅನುಮಾನ ಬಂದು ಸೆಟ್ಟಿಂಗ್ ನೋಡಿದೆ. ಆ್ಯಪ್ ಸೆಕೆಂಡಿಗೆ ಶಬ್ದದ 44100 ಮಾದರಿ ತೆಗೆದುಕೊಂಡು, ಒಂದು ಸಲಕ್ಕೆ 4096 ಮಾತ್ರ ಲೆಕ್ಕ ಹಾಕುತ್ತಿತ್ತು. ಭಾಗಿಸಿದರೆ 10.8. ಅಂದರೆ ಅದರ ಮೆಟ್ಟಿಲುಗಳೇ 10.8 ಹರ್ಟ್ಸ್ ದೂರ ದೂರ: 96.9, 107.7, 118.4. ನಡುವಿನದ್ದೇನೂ ಅದಕ್ಕೆ ಕಾಣುವುದಿಲ್ಲ. ತಗ್ಗು ಸ್ವರ ಅಳೆಯುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಕೊನೆಗೆ ಎರಡು ಸೆಕೆಂಡು ಊದಿದ ಶಬ್ದವನ್ನು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ, `Plot Spectrum`ನಲ್ಲಿ `Size` 65536 ಇಟ್ಟೆ. ಮೆಟ್ಟಿಲು 0.7 ಹರ್ಟ್ಸ್‌ಗೆ ಇಳಿಯಿತು.

ಆಗ ಆ್ಯಪ್ ಮುಚ್ಚಿಟ್ಟಿದ್ದ ವ್ಯತ್ಯಾಸ ಹೊರಗೆ ಬಂತು. ತುಟಿ ತಾಗಿಸಿ ಊದಿದರೆ 104. ಸ್ಟ್ರಾದ ತುದಿಯನ್ನು ಚಪ್ಪಟೆ ಮಾಡಿ, ಒಂದು ಬೆರಳು ದೂರದಿಂದ ಅಂಚಿಗೆ ಗಾಳಿ ಬಿಟ್ಟರೆ 108. ತುಟಿ ಬಾಯಿಯ ಒಂದು ಭಾಗವನ್ನು ಮುಚ್ಚುತ್ತದೆ, ಅದಕ್ಕೇ ಸ್ವರ ಇಳಿಯುತ್ತದೆ. ಹಾಗಾಗಿ ಮುಂದಿನ ಎಲ್ಲ ಅಳತೆಗೂ ಸ್ಟ್ರಾ ಬಳಸಿದೆ, ಅದೂ ಮೆಲ್ಲಗೆ ಊದಿ. ಜೋರಾಗಿ ಊದಿದರೆ ಸ್ವರ ಸ್ವಲ್ಪ ಮೇಲೆ ಸರಿಯುತ್ತದೆ.

ಲೆಕ್ಕ 121, ನಿಜ 108. ಹದಿಮೂರು ಹರ್ಟ್ಸ್ ಎಲ್ಲಿ ಹೋಯಿತು?

ಹತ್ತು ಹೋದದ್ದು ಕುತ್ತಿಗೆಯ ಎರಡು ತುದಿಗಳಲ್ಲಿ. ಗಾಳಿಯ ಬಿರಡೆ ಗಾಜಿನ ಅಂಚಿಗೆ ಸರಿಯಾಗಿ ಕತ್ತರಿಸಿದ ಹಾಗೆ ನಿಲ್ಲುವುದಿಲ್ಲ. ಹೊರಗಿನ ಗಾಳಿಯನ್ನೂ ಒಳಗಿನ ಗಾಳಿಯನ್ನೂ ಸ್ವಲ್ಪ ಸ್ವಲ್ಪ ಜೊತೆಗೆ ಎಳೆದಾಡುತ್ತದೆ. ಆ ಗಾಳಿಯ ಭಾರವೂ ಸೇರಬೇಕು ಅಲ್ವಾ? ಇದಕ್ಕೆ ತುದಿ ತಿದ್ದುಪಡಿ ಅಂತಾರೆ. ಬಯಲಿಗೆ ತೆರೆದ ಹೊರ ತುದಿಗೆ ತ್ರಿಜ್ಯದ 0.6ರಷ್ಟು ಉದ್ದ ಸೇರಿಸಬೇಕು. ಒಳ ತುದಿ ಅಗಲವಾದ ಹೊಟ್ಟೆಗೆ ತೆರೆದುಕೊಳ್ಳುವುದರಿಂದ ಅಲ್ಲಿ 0.85ರಷ್ಟು. ಒಟ್ಟು 1.45 ಪಟ್ಟು. ತ್ರಿಜ್ಯ 9.25 ಮಿ.ಮೀ. ಆದ್ದರಿಂದ 1.34 ಸೆಂ.ಮೀ. ಕೂಡಿ, `L` 8.84 ಸೆಂ.ಮೀ. ಆಯಿತು. ಸ್ವರ 111ಕ್ಕೆ ಇಳಿಯಿತು. 0.85 ಅನ್ನುವುದು ಚಪ್ಪಟೆ ಗೋಡೆಯಲ್ಲಿರುವ ರಂಧ್ರದ ಲೆಕ್ಕ. ನನ್ನ ಬಾಟಲಿಯ ಹೆಗಲು ಇಳಿಜಾರು. ಕುತ್ತಿಗೆ ಎಲ್ಲಿ ಮುಗಿಯಿತು ಅಂತ ಗೆರೆ ಎಳೆಯುವುದರಲ್ಲೇ ಎರಡು ಮೂರು ಮಿ.ಮೀ. ಆಚೀಚೆ ಆಗುತ್ತದೆ. ಒಂದು ಮಿ.ಮೀ. ತಪ್ಪಿದರೆ ಸ್ವರ ಅರ್ಧ ಹರ್ಟ್ಸ್‌ಗಿಂತ ಸ್ವಲ್ಪ ಜಾಸ್ತಿ ಸರಿಯುತ್ತದೆ.

ಉಳಿದ ಮೂರು ಹರ್ಟ್ಸ್ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿತು. ಸೂತ್ರದ ಪ್ರಕಾರ ಹೊಟ್ಟೆಯ ಗಾಳಿಯೆಲ್ಲ ಒಂದೇ ಹೊತ್ತಿಗೆ, ಒಂದೇ ಸಮ ಒತ್ತಿಕೊಳ್ಳಬೇಕು. ನನ್ನ ಬಾಟಲಿಯ ಹೊಟ್ಟೆ 20 ಸೆಂ.ಮೀ. ಎತ್ತರ. ಅಷ್ಟು ದೂರದಲ್ಲಿ ತಳದ ಒತ್ತಡಕ್ಕೂ ಹೆಗಲಿನ ಒತ್ತಡಕ್ಕೂ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಇದರಿಂದ ಸ್ಪ್ರಿಂಗ್ ಸಡಿಲವಾಗುತ್ತದೆ, ಹೊಟ್ಟೆ ಇರುವುದಕ್ಕಿಂತ ಶೇ. 5ರಷ್ಟು ದೊಡ್ಡದು ಎನ್ನುವ ಹಾಗೆ. ಇದನ್ನು ಸೇರಿಸಿದ ಮೇಲೆ ಲೆಕ್ಕವೂ 108ಕ್ಕೆ ಬಂತು.

ಇದು ನಿಜವೇ ಅಥವಾ ಸುಮ್ನೆ ಹೊಂದಿಸಿದ್ದೇ ಅಂತ ನೋಡಬೇಕಿತ್ತು. ಅದಕ್ಕೆ ನೀರೇ ದಾರಿ. ನೀರು ಹಾಕಿದರೆ ಕುತ್ತಿಗೆ ಬದಲಾಗುವುದಿಲ್ಲ, ಹೊಟ್ಟೆ ಮಾತ್ರ ಕುಗ್ಗುತ್ತದೆ, ಎತ್ತರವೂ ಇಳಿಯುತ್ತದೆ. ತೂಗಿ ತೂಗಿ 150 ಮಿ.ಲೀ.ನಂತೆ ಹಾಕುತ್ತಾ ಅಳೆದೆ. 108ರಿಂದ ಶುರುವಾಗಿ 121, 140, 172 ಬಂತು, 600 ಮಿ.ಲೀ. ನೀರಿಗೆ 242. ಎತ್ತರದ ವಿಚಾರ ಬಿಟ್ಟು ಬರೀ ತುದಿ ತಿದ್ದುಪಡಿಯ ಸೂತ್ರ ಹಾಕಿದರೆ ಈ ಕೊನೆಯದು 249 ಆಗಬೇಕಿತ್ತು. ಈಗ ಹೊಟ್ಟೆಯಲ್ಲಿ ಬರೀ 4 ಸೆಂ.ಮೀ. ಎತ್ತರದ ಗಾಳಿ ಇದೆ. ಎತ್ತರದ ತಪ್ಪು ಶೇ. 1ಕ್ಕೆ ಇಳಿದಿರುತ್ತದೆ. ಆದರೂ 7 ಹರ್ಟ್ಸ್ ವ್ಯತ್ಯಾಸ ಯಾಕೆ?

ಇಲ್ಲಿ ಕಾರಣ ಕುತ್ತಿಗೆ. ಅದರೊಳಗಿನ ಗಾಳಿ ಬರೀ ಭಾರವಲ್ಲ, ಅದೂ ಸ್ವಲ್ಪ ಒತ್ತಿಕೊಳ್ಳುತ್ತದೆ. ಲೆಕ್ಕದಲ್ಲಿ ಕುತ್ತಿಗೆಯ ಗಾತ್ರದ ಮೂರನೇ ಒಂದು ಭಾಗ, ಅಂದರೆ ಸುಮಾರು 7 ಮಿ.ಲೀ., ಹೊಟ್ಟೆಗೆ ಸೇರಿಸಬೇಕು. 750ಕ್ಕೆ 7 ಸೇರಿದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. 150ಕ್ಕೆ 7 ಸೇರಿದರೆ ಸ್ವರ 243ಕ್ಕೆ ಬರುತ್ತದೆ. ಉಳಿದ ಎತ್ತರದ ತಪ್ಪನ್ನೂ ತೆಗೆದರೆ 242. ಬಾಟಲಿ ಖಾಲಿ ಇದ್ದಾಗ ಎತ್ತರ ಕಾಡುತ್ತದೆ, ತುಂಬುತ್ತಾ ಬಂದಾಗ ಕುತ್ತಿಗೆ ಕಾಡುತ್ತದೆ. ನಡುವೆ ಎಲ್ಲೂ ಸರಳ ಸೂತ್ರ ಪೂರ್ತಿ ಸರಿಯಾಗಲಿಲ್ಲ, 172 ಬಂದ ಕಡೆಯಲ್ಲೂ ಅದು 176 ಅಂತಲೇ ಹೇಳಿತು.

ಆಮೇಲೆ ಉಪ್ಪಿನಕಾಯಿ ಜಾಡಿಯನ್ನೂ ಹಿಡಿದು ಕೂತೆ. ಅದರ ಕುತ್ತಿಗೆ ಒಂದು ಸೆಂ.ಮೀ., ಬಾಯಿಯ ತ್ರಿಜ್ಯ 3.5 ಸೆಂ.ಮೀ. ತುದಿ ತಿದ್ದುಪಡಿಯೇ 5 ಸೆಂ.ಮೀ. ಆಯಿತು. ಅಲ್ಲಿ ವರ್ನಿಯರ್ ಹಿಡಿದು ಕುತ್ತಿಗೆಯ ಉದ್ದವನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಪ್ರಯೋಜನವಿಲ್ಲ. ಸ್ವರವನ್ನು ತೀರ್ಮಾನಿಸುವುದು ಗಾಜಿನಾಚೆ ಆಡುವ ಆ 5 ಸೆಂ.ಮೀ. ಗಾಳಿ.